ಸಬ್‌ಟೈಟಲ್: ಬೇರೆ ಫೈಲಾಗಿ ಕೊಡಬೇಕಾ, ಬರ್ನ್ ಮಾಡಬೇಕಾ?

ಗೆಳೆಯರೊಬ್ಬರ 12 ನಿಮಿಷದ ತುಳು ಕಿರುಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆದಿದ್ದೆ. ಅವಸರದಲ್ಲಿ ಅದನ್ನು ವಿಡಿಯೊದೊಳಗೇ ಬರ್ನ್ ಮಾಡಿಬಿಟ್ಟೆವು, ಅಂದರೆ ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚೊತ್ತಿಬಿಟ್ಟೆವು. ಆಮೇಲೆ ಕಂಡ ಒಂದೇ ಒಂದು ಕಾಗುಣಿತದ ತಪ್ಪಿಗಾಗಿ ಇಡೀ ಚಿತ್ರವನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕಾಯಿತು. ಬೇರೆ ಫೈಲಾಗಿ ಇಟ್ಟಿದ್ದರೆ ಅದು ಅರ್ಧ ನಿಮಿಷದ ಕೆಲಸ.

ಹಾಗಾಗಿ ಯೂಟ್ಯೂಬ್‌ಗಾದರೆ ಎಸ್‌ಆರ್‌ಟಿ ಫೈಲನ್ನೇ ಕೊಡಿ. ನೋಡುವವರು ಬೇಕಾದಾಗ ಆನ್ ಮಾಡಿಕೊಳ್ಳುತ್ತಾರೆ, ಇಂಗ್ಲಿಷ್ ಫೈಲನ್ನೂ ಜೊತೆಗೆ ಸೇರಿಸಬಹುದು. ವಾಟ್ಸ್ಆ್ಯಪ್‌ಗೆ ಕಳಿಸುವ ತುಣುಕಿಗೆ ಮಾತ್ರ ಬರ್ನ್ ಮಾಡಲೇಬೇಕು, ಅಲ್ಲಿ ಬೇರೆ ಫೈಲ್ ಓಡುವುದಿಲ್ಲ. ಮೊದಲು 30 ಸೆಕೆಂಡ್ ಮಾತ್ರ ಎಕ್ಸ್‌ಪೋರ್ಟ್ ಮಾಡಿ, ಒತ್ತಕ್ಷರ ಸರಿಯಾಗಿ ಕೂತಿದೆಯಾ ನೋಡಿ.

ಎಸ್‌ಆರ್‌ಟಿ ಅಂದರೆ ಸಾದಾ ಪಠ್ಯ, ನೋಟ್‌ಪ್ಯಾಡೇ ಸಾಕು:

```
1
00:00:12,400 --> 00:00:14,900
ಅಮ್ಮಾ, ಬಸ್ಸು ಬಂತು.

2
00:00:15,100 --> 00:00:18,000
ಕೊಡೆ ಮರೆಯಬೇಡ,
ಸಂಜೆ ಮಳೆ ಬರಬಹುದು.
```

ಕ್ರಮಸಂಖ್ಯೆ, ಸಮಯ, ಮಾತು, ಆಮೇಲೆ ಒಂದು ಖಾಲಿ ಸಾಲು. ಸೆಕೆಂಡಿನ ಮುಂದೆ ಇರುವುದು ಚುಕ್ಕಿಯಲ್ಲ, ಅಲ್ಪವಿರಾಮ. ಖಾಲಿ ಸಾಲು ಬಿಟ್ಟುಹೋದರೆ ಮುಂದಿನ ಸಂಖ್ಯೆ, ಸಮಯ ಎಲ್ಲ ಮಾತಿನ ಜೊತೆ ತೆರೆ ಮೇಲೆ ಬಂದುಬಿಡುತ್ತದೆ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ. ಸಾಲು ಮುರಿಯುವಾಗ ಮೇಲಿನಂತೆ ಅರ್ಥ ನಿಲ್ಲುವ ಕಡೆ ಮುರಿಯಿರಿ, ಓದುವ ಕಣ್ಣಿಗೆ ಹಿತ.

ನಮ್ಮವರು ಜಾಸ್ತಿ ಎಡವುವುದು ಅಕ್ಷರದಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸಂಭಾಷಣೆಯನ್ನು ಹಾಗೇ ಅಂಟಿಸಿದರೆ 'ಕನ್ನಡ' ಎಂಬುದು `PÀ£ÀßqÀ` ಆಗಿ ಕಾಣುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಅಕ್ಷರದ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಉಳಿಸಿದ್ದರಲ್ಲಿ ತಪ್ಪಾಗಿದೆ. ನೋಟ್‌ಪ್ಯಾಡಿನ `Save as` ಒಳಗೆ `Encoding` ಅನ್ನು `UTF-8` ಎಂದೂ, `Save as type` ಅನ್ನು `All files` ಎಂದೂ ಆರಿಸಿ. ಇಲ್ಲದಿದ್ದರೆ ಸದ್ದಿಲ್ಲದೆ `film.srt.txt` ಆಗಿಬಿಡುತ್ತದೆ.

ಈಗ `film.mp4` ಮತ್ತು `film.srt` ಎರಡನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು ವಿಎಲ್‌ಸಿಯಲ್ಲಿ ನೋಡಿ. ಮೊದಲ ಮಾತು, ನಡುವಿನದು, ಕೊನೆಯದು, ಮೂರನ್ನೂ ಪರೀಕ್ಷಿಸಿ. ಎಲ್ಲ ಕಡೆ ಒಂದೇ ಅಂತರ ಕಂಡರೆ, ಉದಾಹರಣೆಗೆ ಆಮೇಲೆ ಶುರುವಿನಲ್ಲಿ 5 ಸೆಕೆಂಡಿನ ಲೋಗೊ ಸೇರಿಸಿದ್ದರೆ, ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಎಲ್ಲ ಸಮಯವನ್ನೂ ಒಟ್ಟಿಗೆ 5 ಸೆಕೆಂಡ್ ಮುಂದಕ್ಕೆ ತಳ್ಳಬಹುದು. ಶುರುವಿನಲ್ಲಿ ಸರಿಯಿದ್ದು, ಹೋಗ್ತಾ ಹೋಗ್ತಾ ಅಂತರ ಹೆಚ್ಚಿದರೆ ಫ್ರೇಮ್ ರೇಟ್ ಬದಲಾಗಿದೆ ಎಂದೇ ಅನುಮಾನಿಸಿ. ಸೆಕೆಂಡಿಗೆ 25 ಫ್ರೇಮಿನ ಚಿತ್ರವನ್ನು 24ಕ್ಕೆ ನಿಧಾನಗೊಳಿಸಿದ್ದರೆ ಹತ್ತನೇ ನಿಮಿಷದ ಮಾತು ಸಬ್‌ಟೈಟಲ್‌ಗಿಂತ 25 ಸೆಕೆಂಡ್ ತಡವಾಗಿ ಕೇಳಿಸುತ್ತದೆ. ಇಲ್ಲಿ ತಳ್ಳಿ ಪ್ರಯೋಜನವಿಲ್ಲ, ಅದೇ ತಂತ್ರಾಂಶದ `Change frame rate` ಬಳಸಿ.

ಕೊನೆಗೆ ಯೂಟ್ಯೂಬ್ ಸ್ಟುಡಿಯೋದ ಸಬ್‌ಟೈಟಲ್ ಪುಟದಲ್ಲಿ ಭಾಷೆ ಕನ್ನಡ ಎಂದು ಆರಿಸಿ, `Upload file` ಒತ್ತಿ, `With timing` ಆರಿಸಿ ಫೈಲ್ ಕೊಡಿ.