ತುಂಬಿದ ಮೂತ್ರಚೀಲ ಹೇಳಿದ ಸುಳ್ಳು

ಮಂಡ್ಯದಲ್ಲಿ ಹೆರಿಗೆ ನೋಡುವವಳು ನಾನು, ಸ್ಕ್ಯಾನಿಂಗನ್ನೂ ನಾನೇ ಮಾಡುತ್ತೇನೆ. ಐದನೇ ತಿಂಗಳ ಸ್ಕ್ಯಾನಿಗೆ ಬರುವವರು ಬಾಟಲಿಗಟ್ಟಲೆ ನೀರು ಕುಡಿದು, ಕಾಲು ಕಟ್ಟಿಕೊಂಡು ಕೂತಿರುತ್ತಾರೆ. ಮಳವಳ್ಳಿ ಕಡೆಯ ಆ ಹುಡುಗಿಯೂ ಹಾಗೇ ಬಂದಿದ್ದಳು. ಚೊಚ್ಚಲು, 20 ವಾರ.

ಹೊಟ್ಟೆಯ ಮೇಲಿಂದ ಅಳೆದಾಗ ಗರ್ಭಕೋಶದ ಬಾಯಿಯ ಉದ್ದ 33 ಮಿ.ಮೀ. ಬಂತು. ಒಳ್ಳೆಯ ಅಳತೆಯೇ. ಆದರೆ ಮೂತ್ರಚೀಲ ಊದಿಕೊಂಡಿತ್ತು. ತುಂಬಿದ ಚೀಲ ಗರ್ಭಕೋಶದ ಕೆಳಭಾಗವನ್ನು ಒತ್ತಿ, ತೆರೆದ ಬಾಯನ್ನೂ ಮುಚ್ಚಿದ ಹಾಗೆ, ಉದ್ದವಾಗಿರುವ ಹಾಗೆ ತೋರಿಸಿಬಿಡುತ್ತದೆ. ಅವಳನ್ನು ಬಾತ್ರೂಮಿಗೆ ಕಳಿಸಿ, ವಾಪಸ್ ಬಂದ ಮೇಲೆ ಕೇಳಿ ಒಪ್ಪಿಸಿಕೊಂಡು, ಒಳಗಿನಿಂದ ಸ್ಕ್ಯಾನ್ ಮಾಡಿದೆ.

ಇಲ್ಲಿ ಕೈ ಹಗುರವಾಗಿರಬೇಕು. ಪ್ರೋಬ್ ಒತ್ತಿದರೂ ಉದ್ದ ಸುಳ್ಳೇ ಬರುತ್ತದೆ. ಬಾಯಿಯ ಮುಂದಿನ ತುಟಿ ಹಿಂದಿನ ತುಟಿಗಿಂತ ತೆಳ್ಳಗೆ ಕಂಡರೆ ಒತ್ತಿದ್ದೀನಿ ಅಂತಲೇ ಅರ್ಥ. ಆಗ ಚಿತ್ರ ಮಸುಕಾಗುವವರೆಗೆ ಹಿಂದಕ್ಕೆ ಎಳೆದು, ಚಿತ್ರ ಕಾಣುವಷ್ಟೇ ಮತ್ತೆ ತಾಗಿಸುತ್ತೇನೆ. ಒಳಬಾಯಿಯಿಂದ ಹೊರಬಾಯಿಗೆ ಅಳೆದು, ಸುಮಾರು ಮೂರು ನಿಮಿಷ ಸುಮ್ನೆ ನೋಡುತ್ತಾ ಕೂತೆ. ಕಣ್ಣೆದುರೇ ಒಳಬಾಯಿ ಆಲಿಕೆಯ ಹಾಗೆ ತೆರೆದುಕೊಂಡಿತು. ಮೂರು ಸಲ ಅಳೆದೆ: 21, 19, 20. ಚಿತ್ರಗಳು ಚೆನ್ನಾಗಿದ್ದರೆ ಚಿಕ್ಕದನ್ನೇ ಬರೆಯಬೇಕು. 19 ಬರೆದೆ. ಈ ತಿಂಗಳುಗಳಲ್ಲಿ 25 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಿಡ್ಡ ಅಂತ ಲೆಕ್ಕ; ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯ ಹೆಚ್ಚು.

ಹೊರಗೆ ಕೂತಿದ್ದ ಅತ್ತೆ ಕೇಳಿದ ಮೊದಲ ಮಾತು, "ಹೊಲಿಗೆ ಹಾಕ್ಬುಡಿ ಡಾಕ್ಟ್ರಮ್ಮ, ಇವ್ಳನ್ನ ಮಂಚದಿಂದ ಕೆಳಕ್ಕೇ ಇಳಿಸಾಕಿಲ್ಲ."

ಎರಡೂ ಬೇಡ ಅಂದೆ. ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಈಗಲೂ ಬಾಯಿ ಗಿಡ್ಡವಾಗಿದ್ದರೆ ಆ ಬಾಯಿಗೆ ಹೊಲಿಗೆ ಹಾಕಿ ಬಿಗಿಯುವ ಮಾತು ಬರುತ್ತದೆ. ಇವಳದು ಮೊದಲ ಬಸಿರು, ನೋವಿಲ್ಲ, ರಕ್ತ ಹೋಗುತ್ತಿಲ್ಲ. ಇಂಥವರಿಗೆ ರಾತ್ರಿ ಮಲಗುವಾಗ ಯೋನಿಯೊಳಗೆ ಇಡುವ 200 ಮಿ.ಗ್ರಾಂ. ಪ್ರೊಜೆಸ್ಟೆರಾನ್ ಕೊಡುತ್ತೇನೆ. ತಿಂಗಳುಗಟ್ಟಲೆ ಮಲಗಿದರೆ ಹೆರಿಗೆ ಮುಂದಕ್ಕೆ ಹೋಗುವುದಿಲ್ಲ. ಕಾಲಿನ ರಕ್ತ ಹೆಪ್ಪುಗಟ್ಟುವ ಭಯ ಮಾತ್ರ ಜಾಸ್ತಿ. ಅಡುಗೆ ಮಾಡಲಿ, ಓಡಾಡಲಿ; ತುಂಬಿದ ಬಿಂದಿಗೆ, ಹುಲ್ಲಿನ ಹೊರೆ ಬೇರೆಯವರು ಹೊರಲಿ ಅಂದೆ. ಅತ್ತೆಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಏನೂ ಮಾಡದೆ ಕಳಿಸಿದರು ಅನ್ನಿಸಿರಬೇಕು.

ಅವಳನ್ನೊಬ್ಬಳನ್ನೇ ಕೂರಿಸಿಕೊಂಡು ಇನ್ನಷ್ಟು ಹೇಳಿದೆ. ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾದರೆ, ಸೊಂಟ ಸೆಳೆದರೆ, ನೀರು ಅಥವಾ ರಕ್ತ ಕಂಡರೆ ಬೆಳಗಾಗುವವರೆಗೆ ಕಾಯಬೇಡ. ಎಳೆ ಮಕ್ಕಳ ಐಸಿಯು ಇರುವ ಆಸ್ಪತ್ರೆಗೇ ಹೋಗು. ಬೇಗ ಹೋದರೆ ಮಗುವಿನ ಶ್ವಾಸಕೋಶ ಬಲಿಯುವ ಇಂಜೆಕ್ಷನ್ ಕೊಡಲು ಸಮಯ ಸಿಗುತ್ತದೆ.

ಎರಡು ವಾರ ಬಿಟ್ಟು ಅಳೆದಾಗ 18. ಒಂದು ಮಿ.ಮೀ. ಅಳೆಯುವ ಕೈಯದ್ದೇ ವ್ಯತ್ಯಾಸವಿರಬಹುದು, ಅಲ್ವಾ? ಔಷಧಿ ಬದಲಿಸಲಿಲ್ಲ. 36 ವಾರಕ್ಕೆ ನಿಲ್ಲಿಸಿದೆವು, 38ಕ್ಕೆ ಹೆರಿಗೆಯಾಯಿತು.