ಒಂದೇ ಸಲ ಹೇಳಿದರೆ ಸರಿಯಾಗಿ ಟೈಪ್ ಆಗಬೇಕು: ನಮ್ಮ ಬೆಲ್ಲದ ವೆಬ್‌ಸೈಟಿಗೆ ಹೆಸರು ಹುಡುಕಿದ್ದು

ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಬೆಲ್ಲ ತೆಗೆಯುವುದು ಮಾವನವರ ಕೆಲಸ. ಆರ್ಡರ್ ತಗೊಳ್ಳೋದು, ಪಾರ್ಸಲ್ ಕಳಿಸೋದು ನನ್ನ ಕೆಲಸ. ಒಂದು ಮಧ್ಯಾಹ್ನ ಬೆಂಗಳೂರಿನಿಂದ ಒಬ್ಬರು ಹೆಂಗಸು ಫೋನ್ ಮಾಡಿದರು. "ಏನಮ್ಮಾ, ದುಡ್ಡು ಹಾಕಿ ಎಂಟು ದಿನ ಆಯ್ತು. ಬೆಲ್ಲ ಇನ್ನೂ ಬಂದಿಲ್ವಲ್ಲ?"

ನಮ್ಮ ಲೆಕ್ಕದಲ್ಲಿ ಅವರ ಹೆಸರೇ ಇರಲಿಲ್ಲ. ಅವರು ನೋಡಿದ ಪುಟದ ಫೋಟೋ ಕಳಿಸಿ ಅಂದೆ. ಫೋಟೋದಲ್ಲಿ ಇದ್ದದ್ದು ನಮ್ಮದೇ ಕೊಪ್ಪರಿಗೆ, ನಮ್ಮದೇ ಅಚ್ಚು. ಆದರೆ ದುಡ್ಡು ಹಾಕುವ ಕ್ಯೂಆರ್ ಮಾತ್ರ ಬೇರೆಯವರದ್ದು. ಮೇಲೆ ವಿಳಾಸ ನೋಡಿದೆ. ನಮ್ಮದು shrilakshmialemane ಅಂತ ಶುರುವಾಗುತ್ತಿತ್ತು. ಅದರಲ್ಲಿ srilaxmialemane ಅಂತ ಇತ್ತು. ಅವರ ನಾದಿನಿ ಫೋನಲ್ಲಿ "ಶ್ರೀ ಲಕ್ಷ್ಮೀ ಆಲೆಮನೆ ಅಂತ ಹೊಡಿ, ಸಿಗುತ್ತೆ" ಅಂದಿದ್ದರಂತೆ. ಇವರು ತಮಗೆ ತೋಚಿದ ಹಾಗೆ ಹೊಡೆದಿದ್ದಾರೆ. ಇದರಲ್ಲಿ ಅವರ ತಪ್ಪು ಏನೂ ಇಲ್ಲ.

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, cybercrime.gov.in ನಲ್ಲಿ ದೂರು ಹಾಕಿಸಿದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಶ್ರೀ ಅನ್ನೋದನ್ನು sri, shri, shree ಅಂತ ಮೂರು ಥರ ಬರೀತಾರೆ. ಲಕ್ಷ್ಮೀಗೆ lakshmi, laxmi ಅಂತ ಎರಡು. ಆಲೆಮನೆಗೆ aalemane, alemane ಅಂತ ಎರಡು. ಗುಣಿಸಿದರೆ ಹನ್ನೆರಡು. ಕೊನೆಗೆ .com ಅಥವಾ .in ಸೇರಿಸಿದರೆ ಇಪ್ಪತ್ತನಾಲ್ಕು. ಅಷ್ಟರಲ್ಲಿ ನಮ್ಮ ಕೈಲಿದ್ದದ್ದು ಒಂದೇ ಒಂದು. ಉಳಿದ ಇಪ್ಪತ್ತಮೂರನ್ನು ಯಾರು ಬೇಕಾದರೂ ತಗೊಳ್ಳಬಹುದಿತ್ತು. ಎಲ್ಲವನ್ನೂ ನಾವೇ ಕೊಂಡು ವರ್ಷ ವರ್ಷ ದುಡ್ಡು ಕಟ್ಟೋದು ಆಗದ ಮಾತು. ಹಾಗಾಗಿ ಹೆಸರನ್ನೇ ಬದಲಾಯಿಸೋಣ ಅಂದುಕೊಂಡೆ.

ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಎಡವುವ ಜಾಗಗಳು ಇವೇ. ದೀರ್ಘ ಬಂದರೆ a ಒಂದೋ ಎರಡೋ ಅಂತ ಅನುಮಾನ. ತ ಬಂದರೆ t ಹಾಕೋರೂ ಇದ್ದಾರೆ, th ಹಾಕೋರೂ ಇದ್ದಾರೆ. ಶ, ಷ ಬಂದರೆ s ಅಥವಾ sh. ವ ಬಂದರೆ v ಅಥವಾ w. ಇವು ಯಾವುವೂ ಇಲ್ಲದ ಪದ ಬೇಕಿತ್ತು.

ಐದು ಹೆಸರು ಬರೆದುಕೊಂಡು ಹತ್ತು ಜನರಿಗೆ ಫೋನ್ ಮಾಡಿದೆ. ಮಂಡ್ಯದ ಕಿರಾಣಿ ಅಂಗಡಿಯವರು, ಮೈಸೂರಿನ ನಮ್ಮಕ್ಕ, ಹುಬ್ಬಳ್ಳಿಯ ಗೆಳತಿ, ಹೀಗೆ ಬೇರೆ ಬೇರೆ ಕಡೆಯವರು. "ಒಂದೇ ಸಲ ಹೇಳ್ತೀನಿ, ಅಕ್ಷರ ಬಿಡಿಸಿ ಹೇಳಲ್ಲ. ಕೇಳಿಸಿದ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ವಾಟ್ಸಾಪಲ್ಲಿ ಕಳ್ಸಿ" ಅಂದೆ. ಬರೀ "ಆಲೆಮನೆ"ಗೇ ಐದು ಥರ ಬಂತು. "ಗಾಣ"ಕ್ಕೆ gana, gaana, ganna. "ಅಚ್ಚುಬೆಲ್ಲ" ಅಂದದ್ದಕ್ಕೆ achu, acchu, achchu. ನನಗೆ ತುಂಬ ಇಷ್ಟವಾಗಿದ್ದ ಹೆಸರು ಅದೇ. ಬಿಡಬೇಕಾಯಿತು.

"ಮಂಡ್ಯಬೆಲ್ಲ" ಚೆನ್ನಾಗಿ ಪಾಸಾಯಿತು, ಹತ್ತರಲ್ಲಿ ಹತ್ತೂ ಸರಿ. ಆದರೂ ಅದನ್ನು ತಗೊಳ್ಳಲಿಲ್ಲ. ಊರಿನ ಹೆಸರು, ಸಾಮಾನಿನ ಹೆಸರು ಎರಡೇ ಸೇರಿದರೆ ಅದು ಯಾರದ್ದೂ ಆಗಬಹುದು. ಪಕ್ಕದವರು ಅದಕ್ಕೇ ಒಂದು "ಆನ್‌ಲೈನ್" ಸೇರಿಸಿ ಅಂಗಡಿ ತೆರೆದರೆ ಕೊಳ್ಳುವವರಿಗೆ ವ್ಯತ್ಯಾಸ ತಿಳಿಯೋದಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲೂ ಬರೀ ಊರನ್ನೋ ಸಾಮಾನನ್ನೋ ಹೇಳುವ ಹೆಸರಿಗೆ ನೋಂದಣಿ ಸಿಗುವುದು ಕಷ್ಟ.

ಕೊನೆಗೆ ಉಳಿದದ್ದು "ಬಂಡಿಬೆಲ್ಲ". ಕಬ್ಬು ಹೇರಿಕೊಂಡು ಬರುವ ಬಂಡಿ ನಮ್ಮ ಅಂಗಳದಲ್ಲೇ ನಿಂತಿರುತ್ತೆ, ಹೆಸರು ಅಲ್ಲಿಂದ ಬಂತು. ಒಂಬತ್ತು ಜನ bandibella ಅಂತ ಕಳಿಸಿದರು. ಒಬ್ಬರು ಮಾತ್ರ bandibela. ಆ ಒಂದು l ಇರುವುದನ್ನೂ ಕೊಂಡು, ಅದನ್ನು ಹೊಡೆದರೂ ಅಸಲಿ ಪುಟಕ್ಕೇ ಬರುವ ಹಾಗೆ ಮಾಡಿಸಿದೆ. ಇದಕ್ಕೆ 301 ರೀಡೈರೆಕ್ಟ್ ಅಂತಾರೆ, ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು, ಕೊಟ್ಟವರ ಪುಟದಲ್ಲೇ ಹಾಕಲು ಬರುತ್ತೆ.

ಒಂದು ತೊಡಕು ಉಳಿದಿದೆ. ಇಂಗ್ಲಿಷಿನ d ಅಕ್ಷರಕ್ಕೆ ಡ, ದ ಎರಡೂ ಒಂದೇ. ಕನ್ನಡ ಗೊತ್ತಿಲ್ಲದವರು ಅದನ್ನು "ಬಂದಿ", ಅಂದರೆ ಸೆರೆಯಾಳು, ಅಂತ ಓದಬಹುದು. ಅದಕ್ಕೇ ಡಬ್ಬದ ಮೇಲೆ ಬಂಡಿಯ ಚಿತ್ರ, ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಹಾಕಿಸಿದೆ. ಕನ್ನಡ ಅಕ್ಷರದಲ್ಲೇ .ಭಾರತ ಅಂತ ಡೊಮೇನ್ ಸಿಗುತ್ತೆ, ನನಗೂ ಆಸೆಯಾಯಿತು. ಆದರೆ ಕೆಲವು ಕಡೆ ಅದು xn-- ಅಂತ ಶುರುವಾಗುವ ಅರ್ಥವಾಗದ ಸಾಲಾಗಿ ಕಾಣಿಸುತ್ತೆ. ಒಮ್ಮೆ ಮೋಸಹೋದವರಿಗೆ ಅಂಥ ಸಾಲು ಕಂಡರೆ ಭಯವಾಗುತ್ತೆ, ಅಲ್ವಾ? ಹಾಗಾಗಿ ಅದನ್ನು ಮುಖ್ಯ ವಿಳಾಸ ಮಾಡಲಿಲ್ಲ.

ಕೊಳ್ಳುವ ಮುಂಚೆ ಎರಡು ಕಡೆ ಹುಡುಕಿದೆ. ಟ್ರೇಡ್‌ಮಾರ್ಕ್ ಕಚೇರಿಯ ಸೈಟಿನಲ್ಲಿ 30ನೇ ವರ್ಗ, ಯಾಕಂದ್ರೆ ಸಕ್ಕರೆಯಂಥ ತಿನ್ನುವ ಸಾಮಾನು ಬರೋದು ಅದರಲ್ಲಿ. ಆಮೇಲೆ web.archive.org. ಆ ಹೆಸರಲ್ಲಿ ಹಿಂದೆ ಯಾರಾದರೂ ಕೆಟ್ಟ ಸೈಟ್ ನಡೆಸಿದ್ದರಾ ಅಂತ ಅಲ್ಲಿ ಕಾಣಿಸುತ್ತೆ.

.com, .in ಎರಡನ್ನೂ ಕೊಂಡೆ. ಮುಖ್ಯ ವಿಳಾಸ .com, ಯಾಕಂದ್ರೆ ನಮ್ಮ ಗಿರಾಕಿಗಳಲ್ಲಿ ಜಾಸ್ತಿ ಜನ ಯೋಚನೆ ಮಾಡದೆ ಅದನ್ನೇ ಹೊಡೀತಾರೆ. ಬೇರೆ ಕೊನೆಗಳು ಮೊದಲ ವರ್ಷ ಅಗ್ಗಕ್ಕೆ ಸಿಕ್ಕವು. ಆದರೆ ಎರಡನೇ ವರ್ಷದ ರಿನೀವಲ್ ರೇಟು ನೋಡಿ ಕೈಬಿಟ್ಟೆ. ಹೆಸರಿನ ಮಧ್ಯೆ ಗೀಟು, ಅಂಕಿ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಫೋನಲ್ಲಿ "ಮಧ್ಯೆ ಅಡ್ಡಗೆರೆ ಹಾಕಿ" ಅಂತ ಹೇಳೋಷ್ಟರಲ್ಲಿ ಕೇಳೋರಿಗೆ ಮರೆತೇ ಹೋಗುತ್ತೆ.

ಹಳೇ ಡೊಮೇನಿನಲ್ಲಿ ಇನ್ನೊಂದು ಪಾಠ ಕಲಿತಿದ್ದೆ. ಅದನ್ನು ಸೈಟ್ ಮಾಡಿಕೊಟ್ಟ ಹುಡುಗ ತನ್ನ ಇಮೇಲಲ್ಲಿ ನೋಂದಾಯಿಸಿದ್ದ. ಅವನು ಊರು ಬಿಟ್ಟ ಮೇಲೆ ಪಾಸ್‌ವರ್ಡ್ ಪಡೆಯಲು ಮೂರು ವಾರ ಅಲೆದೆ. ಈ ಸಲ ನನ್ನ ಹೆಸರು, ನನ್ನ ಇಮೇಲ್, ನನ್ನ ನಂಬರ್ ಕೊಟ್ಟು ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿದೆ.

ಪ್ರತಿ ಪಾರ್ಸಲ್ ಜೊತೆ ಈಗ ಒಂದು ಚೀಟಿ ಇಡುತ್ತೇನೆ. ಅದರಲ್ಲಿ ಇಷ್ಟೇ ಇದೆ: https://, www. ಬಿಟ್ಟರೆ ವಿಳಾಸ bandibella.com ಅಂತಲೇ ಶುರುವಾಗಿ, ಅದಾದ ತಕ್ಷಣ ಒಂದು ಓರೆ ಗೆರೆ ಬಂದರೆ, ಅಥವಾ ಏನೂ ಇಲ್ಲದಿದ್ದರೆ, ಅದು ನಮ್ಮದು. ಅದಾದ ಮೇಲೆ ಚುಕ್ಕಿಯೋ ಅಡ್ಡಗೆರೆಯೋ ಬಂದು ಇನ್ನೊಂದು ಹೆಸರು ಶುರುವಾದರೆ ನಮ್ಮದಲ್ಲ, ದುಡ್ಡು ಹಾಕಬೇಡಿ. ಬೀಗದ ಚಿಹ್ನೆ ನೋಡಿ ನಂಬಬೇಡಿ ಅಂತಲೂ ಬರೆದಿದ್ದೇನೆ. ಸೈಟಿಗೂ ನಿಮ್ಮ ಫೋನಿಗೂ ನಡುವೆ ಹೋಗೋದನ್ನು ಬೇರೆಯವರು ಓದಲಾರರು ಅಂತ ಮಾತ್ರ ಆ ಬೀಗ ಹೇಳುತ್ತೆ. ಸೈಟ್ ಯಾರದ್ದು ಅಂತ ಹೇಳೋದಿಲ್ಲ. ಆ ನಕಲಿ ಪುಟಕ್ಕೂ ಬೀಗ ಇತ್ತು.

ಹಳೇ ಹೆಸರನ್ನು ಬಿಟ್ಟುಬಿಡು, ಸುಮ್ನೆ ಯಾಕೆ ದುಡ್ಡು ಅಂತ ಮನೆಯಲ್ಲಿ ಅಂದರು. ನಾನು ಒಪ್ಪಲಿಲ್ಲ. ಅವಧಿ ಮುಗಿದು ಬಿಟ್ಟುಕೊಟ್ಟ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ನಮ್ಮ ಹಳೇ ಡಬ್ಬಗಳು ಎಷ್ಟೋ ಅಡುಗೆಮನೆಯಲ್ಲಿ ಬೇಳೆ, ಸಾಸಿವೆ ತುಂಬಿಕೊಂಡು ಕೂತಿವೆ, ಮುಚ್ಚಳದ ಮೇಲೆ ಆ ವಿಳಾಸ ಇನ್ನೂ ಇದೆ. ಹೋದ ಯುಗಾದಿಗೆ ಚಾಮರಾಜನಗರದ ಒಬ್ಬರು ಅಂಥದ್ದೇ ಡಬ್ಬ ನೋಡಿ, ಹಳೇ ಹೆಸರೇ ಹೊಡೆದು, ಹೊಸ ಪುಟಕ್ಕೆ ಬಂದು ಹತ್ತು ಕೇಜಿ ಆರ್ಡರ್ ಹಾಕಿದರು.