ಫೋಟೊದಲ್ಲಿ ಸೀರೆ ಉಡಿಸುವಾಗ ಅಂಚು ಬದಲಾಗದಿರಲು

ಉಡುಪಿ ಕೈಮಗ್ಗದ ಚೌಕಳಿ ಸೀರೆಯ ಫೋಟೊವನ್ನು ಎಐ ಆ್ಯಪ್‌ಗೆ ಕೊಟ್ಟು ‘ಇದನ್ನು ಇವರಿಗೆ ಉಡಿಸು’ ಎಂದಷ್ಟೇ ಬರೆದರೆ ಹೆಚ್ಚಿನ ಸಲ ಬರುವುದು ಬೇರೆಯದೇ ಸೀರೆ. ಬಣ್ಣ ಹೆಚ್ಚುಕಡಿಮೆ ಸರಿ ಇರುತ್ತದೆ. ಆದರೆ ಸಾದಾ ಅಂಚಿಗೆ ಜರಿ ಬಂದಿರುತ್ತದೆ, ಹತ್ತಿ ರೇಷ್ಮೆಯ ಹಾಗೆ ಮಿನುಗುತ್ತದೆ, ಚೌಕಳಿ ದೊಡ್ಡದಾಗಿರುತ್ತದೆ. ನಾವು ಹೇಳದೆ ಬಿಟ್ಟದ್ದನ್ನು ಆ್ಯಪ್ ತಾನು ಕಲಿತ ಸೀರೆಗಳಿಂದ ತುಂಬಿಸಿಕೊಳ್ಳುತ್ತದೆ.

ಮೊದಲು ಸೀರೆಯ ಫೋಟೊ. ಇಸ್ತ್ರಿ ಮಾಡಿದ ಸೀರೆಯನ್ನು ಹಗಲು ಹೊತ್ತು ಜಗಲಿಯ ನೆರಳಿನಲ್ಲಿ ತೂಗುಹಾಕಿ, ಫ್ಲ್ಯಾಶ್ ಇಲ್ಲದೆ, ನೇರ ಎದುರಿನಿಂದ ತೆಗೆಯಿರಿ. ಒಡಲು, ಅಂಚು, ಸೆರಗು ಮೂರೂ ಕಾಣುವ ಒಂದು, ಅಂಚಿನ ಹತ್ತಿರದ ಒಂದು, ಎರಡು ಸಾಕು. ಮಳೆಗಾಲದ ಬೆಳಕು ನೀಲಿಗೆ ತಿರುಗುತ್ತದೆ. ಪಕ್ಕದಲ್ಲೊಂದು ಬಿಳಿ ಕಾಗದ ಇಟ್ಟರೆ ಬಣ್ಣ ಎಷ್ಟು ಕೆಟ್ಟಿದೆ ಎಂದು ತಿಳಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿರುವಾಗಲೇ ತೆಗೆದ ಫೋಟೊ ಬೇಡ, ಅದರ ಹೊಳಪನ್ನು ಆ್ಯಪ್ ಬಟ್ಟೆಯದೆಂದೇ ತಿಳಿಯುತ್ತದೆ.

ಉಡುವವರ ಫೋಟೊ ನೇರ ನಿಂತದ್ದಿರಲಿ, ಕೈ ಎದೆಗೆ ಅಡ್ಡ ಬರದಿರಲಿ. ಅವರ ಒಪ್ಪಿಗೆ ಕೇಳಿಯೇ ಬಳಸಿ. ಸೆಲ್ಫಿ ಬೇಡ. ಕೆಲವು ಫೋನುಗಳಲ್ಲಿ ಅದು ಎಡಬಲ ತಿರುಗಿ ಉಳಿಯುತ್ತದೆ. ಅದನ್ನು ಕೊನೆಗೆ ಸರಿಮಾಡಲು ತಿರುಗಿಸಿದರೆ ಸೆರಗು ಬಲ ಹೆಗಲಿಗೆ ಹೋಗುತ್ತದೆ.

ಕೆಲಸ ಕೆಡುವುದು ಸೂಚನೆ ಬರೆಯುವಲ್ಲಿ. ‘ಚಂದದ ಅಂಚು ಹಾಗೇ ಇರಲಿ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಅಂಚು ಎರಡು ಇಂಚು ಎಂದರೂ ಪ್ರಯೋಜನ ಕಡಿಮೆ. ಫೋಟೊದಲ್ಲಿ ಇಂಚು ಎಷ್ಟೆಂದು ಆ್ಯಪ್‌ಗೆ ಗೊತ್ತಿಲ್ಲ. ಸೀರೆಯ ಒಂದು ಭಾಗವನ್ನು ಇನ್ನೊಂದರಿಂದ ಅಳೆದು ಹೇಳಿ: ಅಂಚಿನ ಅಗಲ ಐದು ಚೌಕಳಿಯಷ್ಟು. ಆಮೇಲೆ ಎಣಿಸಿ ನೋಡಲೂ ಬರುತ್ತದೆ. ಉಡುವವರ ಫೋಟೊ ಮೊದಲು, ಸೀರೆಯ ಎರಡು ಫೋಟೊ ಆಮೇಲೆ ಕೊಟ್ಟು, ಸಾಸಿವೆ ಹಳದಿ ಒಡಲಿನ ಒಂದು ಸೀರೆಗೆ ಹೀಗೆ ಬರೆಯಬಹುದು:

‘ಎರಡನೇ ಮತ್ತು ಮೂರನೇ ಫೋಟೊದಲ್ಲಿರುವ ಸೀರೆಯನ್ನು ಮೊದಲ ಫೋಟೊದವರಿಗೆ ಉಡಿಸು. ಇವು ಬದಲಾಗಬಾರದು: ಸಾಸಿವೆ ಹಳದಿ ಒಡಲಿನಲ್ಲಿ ಮರೂನ್ ಗೆರೆಯ ಸಣ್ಣ ಚೌಕಳಿ, ಎಲ್ಲ ಚೌಕಗಳೂ ಒಂದೇ ಅಳತೆ. ಅಂಚು ಐದು ಚೌಕಳಿ ಅಗಲ, ಸಾದಾ ಮರೂನ್, ಒಳಬದಿಯಲ್ಲಿ ಒಂದೇ ಬಿಳಿ ಗೆರೆ. ಸೆರಗಿನಲ್ಲಿ ಮೂರು ಮರೂನ್ ಪಟ್ಟೆ, ನಡುವಿನದು ಅಗಲ. ಬಟ್ಟೆ ಪೂರ್ತಿ ಹತ್ತಿ ನೂಲಿನದು, ಮಂಕು ಮೈ. ಸೆರಗು ಅವರ ಎಡ ಹೆಗಲ ಮೇಲೆ. ನೆರಿಗೆ, ಮಡಿಕೆ, ನೆರಳು ಮೈಗೆ ತಕ್ಕಂತೆ ಬರಲಿ. ಮುಖ, ಮೈಬಣ್ಣ, ಮೈಕಟ್ಟು, ಹಿನ್ನೆಲೆ ಮೊದಲ ಫೋಟೊದಲ್ಲಿದ್ದಂತೆ ಇರಲಿ.’

ಇದರಲ್ಲಿ ಮೂರು ಭಾಗ ಇದೆ: ನಕಲಾಗಬೇಕಾದದ್ದು, ಬದಲಾಗಬಹುದಾದದ್ದು, ಮುಟ್ಟಬಾರದ್ದು. ನಡುವಿನದನ್ನು ಬಿಟ್ಟರೆ ನೇತುಹಾಕಿದ ಸೀರೆಯ ಮಡಿಕೆಗಳೇ ಮೈಮೇಲೆ ಬಂದು ಸೀರೆ ಅಂಟಿಸಿದಂತೆ ಕಾಣುತ್ತದೆ. ‘ಜರಿ ಬೇಡ’ ಎಂದು ಬರೆಯಬೇಡಿ. ಕೆಲವು ಆ್ಯಪ್‌ಗಳು ‘ಬೇಡ’ವನ್ನು ಬಿಟ್ಟು ‘ಜರಿ’ಯನ್ನಷ್ಟೇ ಹಿಡಿಯುತ್ತವೆ. ಇರುವುದೇನೆಂದು ಹೇಳಿ: ಹತ್ತಿ ನೂಲು, ಮಂಕು ಮೈ.

ಇಷ್ಟು ಬರೆದರೂ ಚೌಕಳಿ ಕಲಸಿಹೋದರೆ ತಪ್ಪು ಸೂಚನೆಯದಲ್ಲ, ಚಿತ್ರದ ಅಳತೆಯದು. 1024 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 160 ಸೆಂ.ಮೀ. ಎತ್ತರದವರು ತಲೆಯಿಂದ ಕಾಲಿನವರೆಗೆ ತುಂಬಿ ನಿಂತರೆ, ಒಂದು ಸೆಂ.ಮೀ. ಚೌಕಕ್ಕೆ ಸಿಗುವುದು ಸುಮಾರು ಆರು ಪಿಕ್ಸೆಲ್. ಇಂಥ ಹಲವು ಆ್ಯಪ್‌ಗಳು ಒಳಗೆ ಚಿತ್ರವನ್ನು ಉದ್ದಕ್ಕೂ ಅಡ್ಡಕ್ಕೂ ಎಂಟು ಪಟ್ಟು ಕುಗ್ಗಿಸಿ ಕೆಲಸ ಮಾಡುತ್ತವೆ. ಆರು ಪಿಕ್ಸೆಲ್‌ನ ಚೌಕ ಅಲ್ಲಿ ಒಂದು ಚುಕ್ಕೆಯಷ್ಟೂ ಉಳಿಯುವುದಿಲ್ಲ. ಸೊಂಟದಿಂದ ಮೇಲಿನ ಫೋಟೊ ಕೊಟ್ಟರೆ ಅದೇ ಚೌಕಕ್ಕೆ ಹದಿನೈದರಷ್ಟು ಪಿಕ್ಸೆಲ್ ಸಿಗುತ್ತದೆ. ಹಾಗಾಗಿ ಚೌಕಳಿ ತೋರಿಸಲು ಅರ್ಧ ಚಿತ್ರ, ನೆರಿಗೆ ಮತ್ತು ಕೆಳ ಅಂಚು ತೋರಿಸಲು ಪೂರ್ಣ ಚಿತ್ರ, ಹೀಗೆ ಎರಡು ಮಾಡಿ. ಒಂದರಲ್ಲೇ ಎರಡನ್ನೂ ತರುವ ಹಟ ಬೇಡ.

ಬಂದ ಚಿತ್ರವನ್ನು ಮೂಲ ಫೋಟೊದ ಪಕ್ಕದಲ್ಲಿಟ್ಟು ಹಿಗ್ಗಿಸಿ ನೋಡಿ. ಅಂಚಿನ ಅಗಲದಲ್ಲಿ ಐದು ಚೌಕ ಹಿಡಿಯುತ್ತದೆಯೇ? ಬಿಳಿ ಗೆರೆ ಒಳಬದಿಗೇ ಇದೆಯೇ? ನೆರಿಗೆ ಮಡಚುವಲ್ಲಿ ಚೌಕಳಿ ಗೆರೆಯೂ ಮಡಚಬೇಕು. ಮಡಿಕೆಯ ಮೇಲೆ ನೆಟ್ಟಗೆ ಹಾದುಹೋದರೆ ಅದು ಮೇಲೆ ಹರಡಿದ ಚಿತ್ರ ಅಷ್ಟೇ. ಸಿದ್ಧ ನೆರಿಗೆಯ ಮೇಲೆ ವಿನ್ಯಾಸ ಎಳೆದು ಕೂರಿಸುವ ಆ್ಯಪ್‌ಗಳಲ್ಲಿ ಇದು ಮಾಮೂಲು. ಅವನ್ನು ಮೊಬೈಲಿನಿಂದ ತೆಗೆದುಬಿಡಿ.

ಅಂಚು ಮಾತ್ರ ತಪ್ಪಿದ್ದರೆ ಅಷ್ಟನ್ನೇ ಆಯ್ದು ತಿದ್ದಿಸಿ. ಇಡೀ ಚಿತ್ರವನ್ನು ಮತ್ತೆ ಮತ್ತೆ ತಿದ್ದಿಸಿದರೆ ಮುಖವೂ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಎರಡು ಸಲಕ್ಕೂ ಸರಿಯಾಗದಿದ್ದರೆ ಮೂಲ ಫೋಟೊಗಳಿಂದಲೇ ಮತ್ತೆ ಶುರುಮಾಡಿ.

ಮಾರಾಟಕ್ಕೆ ಹಾಕುವುದಾದರೆ ಜಗಲಿಯಲ್ಲಿ ತೆಗೆದ ಫೋಟೊ ಮೊದಲು, ಉಡಿಸಿದ ಚಿತ್ರ ಆಮೇಲೆ. ಅದರ ಕೆಳಗೆ ‘ಎಐ ಚಿತ್ರ’ ಎಂದು ಬರೆದಿರಲಿ. ಬಟ್ಟೆ ಎಷ್ಟು ತೆಳು, ನೆರಿಗೆ ನಿಲ್ಲುತ್ತದೆಯೇ ಎಂದು ಕೇಳುವವರಿಗೆ ಈ ಚಿತ್ರದಿಂದ ಉತ್ತರ ಸಿಗದು, ಸೀರೆಯ ಚಿಕ್ಕ ವಿಡಿಯೊ ತೆಗೆದು ಕಳಿಸಿ.